ಸಿಮೆಂಟ್ ನೆಲದ ಹಸು ಕುಂಟಿದರೆ: ಮೊದಲು ನೋವಿನ ಜಾಗ ಹುಡುಕಿ

ನಮ್ಮ ಗೌರಿ ಎಚ್‌ಎಫ್ ಮಿಶ್ರತಳಿ ಹಸು. ಯುಗಾದಿ ಹೊತ್ತಿಗೆ ಎರಡನೇ ಕರು ಹಾಕಿತು. ಜೂನ್ ಕೊನೆಗೆ ಎಡ ಹಿಂಗಾಲು ಕುಂಟತೊಡಗಿತು. 14 ಲೀಟರ್ ಕೊಡುತ್ತಿದ್ದ ಹಸು 9ಕ್ಕೆ ಇಳಿಯಿತು. ‘ಗೊರಸಿನ ಸಂದಿ ಕೊಳೆತಿರಬೇಕು’ ಅಂತ ಯಾರೋ ಹೇಳಿದರು. ಮೂರು ದಿನ ಆಂಟಿಬಯೋಟಿಕ್ ಚುಚ್ಚಿಸಿದೆವು. ಒಂದು ವಾರ ಬಿಟ್ಟು ಮತ್ತೆ ಮೂರು ದಿನ ಚುಚ್ಚಿಸಿದೆವು. ಕುಂಟು ಹೋಗಲಿಲ್ಲ. ಆ ದಿನಗಳ ಹಾಲನ್ನು ಡೇರಿಗೆ ಹಾಕುವಂತಿಲ್ಲ, ಹಾಗಾಗಿ ಅದೂ ಹೋಯಿತು.

ಆ ಎರಡು ವಾರದಲ್ಲಿ ಗೌರಿಯ ಕಾಲನ್ನು ಎತ್ತಿ ತಳ ನೋಡಿದವರು ಒಬ್ಬರೂ ಇಲ್ಲ. ನಾನೂ ನೋಡಿರಲಿಲ್ಲ. ಹಸು ಕುಂಟಿದಾಗ ಹತ್ತರಲ್ಲಿ ಒಂಬತ್ತು ಸಲ ದೋಷ ಇರುವುದು ಪಾದದಲ್ಲೇ. ಅದರಲ್ಲೂ ಹಿಂಗಾಲಿನ ಹೊರಗೊರಸಿನಲ್ಲಿ ಜಾಸ್ತಿ. ನಾವು ಮಾತ್ರ ತೊಡೆ ಸವರಿ, ಕೀಲು ಒತ್ತಿ, ಎಣ್ಣೆ ತಿಕ್ಕುತ್ತಾ ಕೂರುತ್ತೇವೆ.

ಕಾಲು ಎತ್ತುವ ಮುಂಚೆ

ಹಸು ನಿಂತ ರೀತಿಯೇ ಅರ್ಧ ಉತ್ತರ ಕೊಡುತ್ತದೆ. ಹತ್ತು ನಿಮಿಷ ದೂರ ನಿಂತು ಸುಮ್ನೆ ನೋಡಿ. ಮೊದಲು ಬೆನ್ನು. ನಿಂತಾಗ ನೇರ ಇದ್ದು, ನಡೆದಾಗ ಮಾತ್ರ ಬಿಲ್ಲಿನಂತೆ ಬಾಗಿದರೆ ನೋವು ಈಗಷ್ಟೇ ಶುರುವಾಗಿದೆ. ನಿಂತಾಗಲೂ ಬಾಗಿದ್ದರೆ ನೋವು ಹಳೆಯದು. ಕುಂಟು ಕಣ್ಣಿಗೆ ಬೀಳುವ ಎಷ್ಟೋ ಮುಂಚೆ ಬೆನ್ನು ಬಾಗಿರುತ್ತದೆ.

ಆಮೇಲೆ ಪಾದ ಯಾವ ಕಡೆ ತಿರುಗಿದೆ ನೋಡಿ. ಹಿಂಗಾಲಿನ ಗೊರಸಿನ ತುದಿ ಹೊರಕ್ಕೆ ತಿರುಗಿ, ಹಿಂಗಾಲಿನ ಕೀಲುಗಳು ಒಂದಕ್ಕೊಂದು ಹತ್ತಿರ ಬಂದಿದ್ದರೆ ಹೊರಗೊರಸಿನ ಮೇಲೆ ಭಾರ ಹೆಚ್ಚಾಗಿದೆ ಎಂದರ್ಥ. ಮುಂಗಾಲುಗಳನ್ನು ಕತ್ತರಿ ಹಾಕಿಕೊಂಡು ನಿಂತರೆ ಮುಂಗಾಲಿನ ಒಳಗೊರಸು ನೋಯುತ್ತಿದೆ.

ಗೌರಿಯ ವಿಷಯದಲ್ಲಿ ಇನ್ನೊಂದು ಸುಳಿವಿತ್ತು, ನಮಗೆ ಹೊಳೆದಿರಲಿಲ್ಲ. ಅದು ಎರಡು ಹೆಜ್ಜೆ ಹಿಂದೆ ಸರಿದು, ಹಿಂಗಾಲಿನ ತುದಿಯನ್ನು ಗಂಜಲದ ಕಾಲುವೆಯ ಅಂಚಿಗೆ ಊರಿ, ಹಿಮ್ಮಡಿಯನ್ನು ಕಾಲುವೆ ಮೇಲೆ ಗಾಳಿಯಲ್ಲಿ ಬಿಟ್ಟು ನಿಲ್ಲುತ್ತಿತ್ತು. ‘ಹಗ್ಗ ಉದ್ದ ಆಯ್ತೇನೋ, ಗಿಡ್ಡ ಮಾಡು’ ಅಂದರು ಅವ್ವ. ಮಾಡಿದೆ. ಪಾಪ, ಹಿಮ್ಮಡಿಗೆ ಸಿಗುತ್ತಿದ್ದ ಅಷ್ಟು ವಿಶ್ರಾಂತಿಯನ್ನೂ ಕಿತ್ತುಕೊಂಡ ಹಾಗಾಯಿತು. ಹಿಮ್ಮಡಿಯನ್ನು ಹೀಗೆ ಅಂಚಿನಿಂದ ಇಳಿಬಿಡುವ ಹಸುವಿಗೆ ನೋವಿರುವುದು ಗೊರಸಿನ ಹಿಂಭಾಗದಲ್ಲಿ.

ಇಲ್ಲೇ ಒಂದು ಮಾತು. ಕುಂಟಿನ ಜೊತೆ ಜ್ವರ, ಬಾಯಲ್ಲಿ ಜೊಲ್ಲು, ನಾಲಿಗೆ ಮೇಲೆ ಗುಳ್ಳೆ ಇದ್ದರೆ, ಅಥವಾ ಒಂದೆರಡು ದಿನದಲ್ಲಿ ಮೂರು ನಾಲ್ಕು ಹಸು ಒಟ್ಟಿಗೆ ಕುಂಟಿದರೆ ಚಾಕು ಮುಟ್ಟಬೇಡಿ. ಅದು ಕಾಲುಬಾಯಿ ಜ್ವರ ಇರಬಹುದು. ರಾಸುಗಳನ್ನು ಹೊರಗೆ ಬಿಡದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ತಳದ ನಕ್ಷೆ

ಕಾಲು ಎತ್ತಲು, ಪಶು ಆಸ್ಪತ್ರೆಯಲ್ಲಿ ಹಸುವನ್ನು ನಿಲ್ಲಿಸಿ ಕಟ್ಟುವ ಟ್ರೇವಿಸ್ ಚೌಕಟ್ಟು ಸಿಕ್ಕರೆ ಅದೇ ಒಳ್ಳೆಯದು. ಮನೆಯಲ್ಲಾದರೆ ಹಸುವನ್ನು ಗಟ್ಟಿ ಕಂಬಕ್ಕೆ ಗಿಡ್ಡಗೆ ಕಟ್ಟಿ. ಹಿಂಗಾಲಿನ ಕೀಲಿನ ಮೇಲ್ಭಾಗಕ್ಕೆ ಅಗಲವಾದ ಪಟ್ಟಿ ಹಾಕಿ, ಹಗ್ಗವನ್ನು ತೊಲೆಯ ಮೇಲಿಂದ ತಂದು ಎತ್ತಿ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ, ಹಸು ಕುಸಿದರೆ ಗಂಟು ಬಿಚ್ಚುತ್ತಾ ಕೂರಲು ಹೊತ್ತಿರುವುದಿಲ್ಲ. ತುಂಬು ಗಬ್ಬದ ಹಸುವಿಗೆ ಈ ಸಾಹಸ ಬೇಡ. ಅದನ್ನು ಕೆಡವುವುದಂತೂ ಬೇಡವೇ ಬೇಡ.

ತಳವನ್ನು ನೀರು ಹಾಕಿ ಬ್ರಷ್‌ನಿಂದ ಉಜ್ಜಿ. ಸಗಣಿ ಮೆತ್ತಿದ ತಳದಲ್ಲಿ ಏನೂ ಕಾಣಿಸದು. ಆಮೇಲೆ ಗೊರಸಿನ ಇಕ್ಕಳದಿಂದ ಎರಡೆರಡು ಬೆರಳು ಅಂತರದಲ್ಲಿ ಮೆತ್ತಗೆ ಒತ್ತುತ್ತಾ ಬನ್ನಿ. ನೋವಿನ ಜಾಗಕ್ಕೆ ಬಂದಾಗ ಹಸು ಕಾಲು ಜಾಡಿಸುತ್ತದೆ. ಅದೇ ಜಾಗವನ್ನು ಎರಡನೇ ಸಲ ಒತ್ತಿ ನೋಡಿ. ಮತ್ತೆ ಜಾಡಿಸಿದರೆ ಜಾಗ ಖಚಿತ.

ನೋವು ಗೊರಸಿನ ಹೊರಗೋಡೆ ಮತ್ತು ತಳ ಸೇರುವ ಬಿಳಿ ಗೆರೆಯಲ್ಲಿದ್ದು, ಅಲ್ಲಿ ಕಪ್ಪು ಚುಕ್ಕೆಯೋ ಜಲ್ಲಿಯ ಹರಳೋ ಕಂಡರೆ ಒಳಗೆ ಕೀವು ತುಂಬಿದೆ. ಹೊಸದಾಗಿ ಹಾಕಿದ ಒರಟು ಸಿಮೆಂಟ್ ನೆಲದಲ್ಲಿ ಇದು ಜಾಸ್ತಿ. ಆ ಗೆರೆಯನ್ನು ಹೊರಗೋಡೆಯ ಕಡೆಯಿಂದ ಕೆರೆದು ತೆರೆದರೆ ಕಪ್ಪು ಕೀವು ಚಿಮ್ಮುತ್ತದೆ, ಹಸುವಿಗೆ ಬೇಗ ನಿರಾಳವಾಗುತ್ತದೆ. ತಳದ ಕಡೆಯಿಂದ ಗುಂಡಿ ತೋಡಬೇಡಿ. ಆ ಗುಂಡಿಗೆ ಮತ್ತೆ ಸಗಣಿ ತುಂಬಿಕೊಳ್ಳುತ್ತದೆ.

ಎರಡು ಗೊರಸಿನ ನಡುವಿನ ಚರ್ಮ ಸೀಳಿ, ಕೊಳೆತ ವಾಸನೆ ಬಂದು, ಗೊರಸಿನ ಮೇಲಿನ ಭಾಗ ಎರಡೂ ಕಡೆ ಒಂದೇ ಸಮ ಊದಿ, ಜ್ವರವೂ ಇದ್ದರೆ ಅದು ಸಂದಿ ಕೊಳೆತ. ಇಂಜೆಕ್ಷನ್ ಕೆಲಸ ಮಾಡುವುದು ಇದಕ್ಕೆ. ಹಿಮ್ಮಡಿಯ ಹಿಂದೆ ಚರ್ಮದ ಮೇಲೆ ಕೆಂಪಗೆ ಹಸಿಹಸಿಯಾದ, ಮುಟ್ಟಿದರೆ ಒದೆಯುವ ಹುಣ್ಣಿದ್ದರೆ ಅದು ಒಂದರಿಂದ ಒಂದಕ್ಕೆ ಹರಡುವ ಚರ್ಮರೋಗ. ಅದಕ್ಕೆ ವೈದ್ಯರು ಮೇಲೆ ಹಚ್ಚುವ ಔಷಧ ಕೊಡುತ್ತಾರೆ.

ಗೌರಿಗೆ ಊತ ಇರಲಿಲ್ಲ. ವಾಸನೆ ಇರಲಿಲ್ಲ. ಜ್ವರವೂ ಇರಲಿಲ್ಲ. ಅಂದರೆ ಎರಡೂ ಸುತ್ತಿನ ಇಂಜೆಕ್ಷನ್ ಇಲ್ಲದ ರೋಗಕ್ಕೆ ಹೋಗಿತ್ತು. ಇಕ್ಕಳಕ್ಕೆ ಅದು ಜಾಡಿಸಿದ್ದು ಒಂದೇ ಕಡೆ: ಹೊರಗೊರಸಿನ ತಳ ಮುಗಿದು ಹಿಮ್ಮಡಿ ಶುರುವಾಗುವಲ್ಲಿ, ಸಂದಿಯ ಕಡೆಗೆ ಸ್ವಲ್ಪ ವಾಲಿದ ಜಾಗ. ತಳದ ಹುಣ್ಣು ಏಳುವುದು ಅಲ್ಲೇ.

ಯಾಕೆ ಅದೇ ಜಾಗ

ಗೊರಸಿನ ಒಳಗೆ ಒಂದು ಮೂಳೆ ಇದೆ. ಅದರ ಹಿಂಬದಿಯಲ್ಲಿ ಕೆಳಕ್ಕೆ ಚಾಚಿದ ಒಂದು ಉಬ್ಬು. ಮೂಳೆಗೂ ತಳಕ್ಕೂ ನಡುವೆ ಕೊಬ್ಬಿನ ಮೆತ್ತೆ, ಮತ್ತು ಗೊರಸನ್ನು ಬೆಳೆಸುವ ಜೀವಪದರ. ಕರು ಹಾಕುವ ಹೊತ್ತಿಗೆ ಮೂಳೆಯನ್ನು ಹಿಡಿದಿಟ್ಟ ನಾರುಗಳು ಸಡಿಲವಾಗುತ್ತವೆ. ಕರು ಹಾಕಿದ ಮೇಲೆ ಹಸು ಸೊರಗಿದರೆ ಮೆತ್ತೆಯೂ ತೆಳುವಾಗುತ್ತದೆ. ಮೂಳೆ ಸ್ವಲ್ಪ ಕೆಳಗಿಳಿದು, ಆ ಉಬ್ಬಿಗೂ ಗಟ್ಟಿ ನೆಲಕ್ಕೂ ನಡುವೆ ಜೀವಪದರ ಜಜ್ಜಿ ಹೋಗುತ್ತದೆ. ಮಣ್ಣಿನ ನೆಲವಾದರೆ ಸ್ವಲ್ಪ ತಗ್ಗುತ್ತದೆ, ಸಿಮೆಂಟ್ ತಗ್ಗುವುದಿಲ್ಲ.

ಜಜ್ಜಿದ ಪದರದಿಂದ ಒಳ್ಳೆಯ ಗೊರಸು ಬೆಳೆಯುವುದಿಲ್ಲ. ಅಲ್ಲಿ ಜಿನುಗಿದ ರಕ್ತ ಹೊಸ ಗೊರಸಿನ ಜೊತೆ ಸೇರಿ ಮೆಲ್ಲಗೆ ಕೆಳಗೆ ಬರುತ್ತದೆ. ತಳದವರೆಗೆ ಬರಲು ಸುಮಾರು ಎರಡು ತಿಂಗಳು ಬೇಕು. ಕರು ಹಾಕಿ ಎರಡು ಮೂರು ತಿಂಗಳಿಗೆ ಕುಂಟು ಕಾಣುವುದು ಇದಕ್ಕೇ. ಗೌರಿ ಕುಂಟಿದ್ದು ಜೂನ್‌ನಲ್ಲಿ, ಪೆಟ್ಟು ಬಿದ್ದದ್ದು ಏಪ್ರಿಲ್‌ನಲ್ಲಿ. ‘ನಿನ್ನೆ ಎಲ್ಲೋ ಕಲ್ಲು ತುಳಿದಿರಬೇಕು’ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ.

ಹೊರಗೊರಸೇ ಯಾಕೆ ಅಂದರೆ, ಗಟ್ಟಿ ನೆಲದಲ್ಲಿ ಅದರ ಮೇಲೆ ಭಾರ ಹೆಚ್ಚು. ಭಾರ ಬಿದ್ದಷ್ಟೂ ಅದು ಹೆಚ್ಚು ಬೆಳೆಯುತ್ತದೆ. ಬೆಳೆದಷ್ಟೂ ಎತ್ತರವಾಗಿ ಇನ್ನೂ ಹೆಚ್ಚು ಭಾರ ಹೊರುತ್ತದೆ. ಈ ಸುತ್ತು ತಾನಾಗಿ ನಿಲ್ಲುವುದಿಲ್ಲ, ಚಾಕು ಹಿಡಿದು ನಿಲ್ಲಿಸಬೇಕು.

ಗೌರಿಯ ಗೊರಸು ಕತ್ತರಿಸಿದ್ದು

ಬೇಕಾದ ಸಾಮಾನು: ತುದಿ ಬಾಗಿದ ಗೊರಸು ಚಾಕು, ಉದ್ದ ಹಿಡಿಯ ಗೊರಸು ಕತ್ತರಿ, ಒರಟು ಅರ, ಮತ್ತೆ 7.5 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿದ ಬಿದಿರಿನ ಕಡ್ಡಿ. ಗ್ರೈಂಡರ್ ಮೆಷಿನ್ ಬೇಗ ಕೆಲಸ ಮಾಡುತ್ತದೆ, ನಿಜ. ಅಷ್ಟೇ ಬೇಗ ಜೀವಪದರಕ್ಕೂ ಇಳಿಯುತ್ತದೆ. ಕೈ ಪಳಗುವವರೆಗೆ ಚಾಕುವೇ ಸಾಕು.

ಹಿಂಗಾಲಿನಲ್ಲಿ ಒಳಗೊರಸಿನಿಂದ ಶುರು ಮಾಡಬೇಕು. ಅದು ಸಾಮಾನ್ಯವಾಗಿ ಸರಿಯಾದ ಆಕಾರದಲ್ಲಿರುತ್ತದೆ, ಅದೇ ಅಳತೆಗೋಲು. ಮುಂಭಾಗದಲ್ಲಿ, ಕೂದಲಿನ ಕೆಳಗೆ ಗಟ್ಟಿ ಗೊರಸು ಶುರುವಾಗುವಲ್ಲಿ ಕಡ್ಡಿ ಇಟ್ಟು ತುದಿಯವರೆಗೆ ಅಳೆದೆವು. ಗೌರಿಯದು 8.3 ಸೆಂಟಿಮೀಟರ್ ಇತ್ತು. 7.5ಕ್ಕೆ ನೇರ ಕತ್ತರಿಸಿದೆವು. ಆಗ ತುದಿಯಲ್ಲಿ ಒಂದು ಮೊಂಡು ಮುಖ ಕಾಣುತ್ತದೆ. ತಳವನ್ನು ಮುಂದಿನಿಂದ ಹೆರೆಯುತ್ತಾ ಆ ಮುಖದ ದಪ್ಪವನ್ನು 5ರಿಂದ 7 ಮಿಲಿಮೀಟರ್‌ಗೆ ತಂದು ನಿಲ್ಲಿಸಬೇಕು. ಒಳಗೊರಸಿನ ಹಿಮ್ಮಡಿಯನ್ನು ಮುಟ್ಟುವಂತಿಲ್ಲ, ಮುಂದೆ ಭಾರ ಹೊರಬೇಕಾದ್ದು ಅದೇ.

ಈ 7.5 ಎಲ್ಲಾ ಹಸುವಿಗೂ ಹೊಂದುವ ಅಳತೆ ಅಂದುಕೊಳ್ಳಬೇಡಿ. ದೊಡ್ಡ ಮೈಯ ಎಚ್‌ಎಫ್‌ಗೆ 8ಕ್ಕಿಂತ ಕಡಿಮೆ ಮಾಡದಿರುವುದು ಒಳ್ಳೆಯದು. ಮಲೆನಾಡು ಗಿಡ್ಡದ ಗೊರಸು ಇಷ್ಟುದ್ದ ಇರುವುದೇ ಇಲ್ಲ. ಯಾವ ಹಸುವಿಗಾದರೂ ನಂಬಬೇಕಾದ್ದು ಹೆಬ್ಬೆರಳನ್ನು: ತಳ ಒತ್ತಿದಾಗ ಸ್ವಲ್ಪವೇ ಬಳುಕಿದರೂ ಚಾಕು ಕೆಳಗಿಡಿ. ತಳ ತೆಳುವಾಗಿದೆ. ಹೊಸ ನೆಲದಲ್ಲಿ ಸವೆದ ಹಸುಗಳಿಗೆ ಕತ್ತರಿಸಲು ಏನೂ ಉಳಿದಿರುವುದಿಲ್ಲ, ಕತ್ತರಿಸಿದರೆ ಕುಂಟು ನಾವೇ ತಂದ ಹಾಗೆ.

ಆಮೇಲೆ ಹೊರಗೊರಸು. ಅದು 9 ಸೆಂಟಿಮೀಟರ್ ಬೆಳೆದಿತ್ತು, ಹಿಮ್ಮಡಿ ಒಳಗೊರಸಿಗಿಂತ ಒಂದು ಬೆರಳಿನಷ್ಟು ಎತ್ತರ. ಉದ್ದವನ್ನು ಒಳಗೊರಸಿಗೆ ಸಮ ಮಾಡಿ, ಚಾಕುವಿನ ಹಿಡಿಯನ್ನು ಎರಡರ ಮೇಲೂ ಅಡ್ಡ ಇಟ್ಟು ನೋಡಿ ಎತ್ತರವನ್ನೂ ಸಮ ಮಾಡಿದೆವು. ಮೂರನೆಯದಾಗಿ, ಎರಡೂ ಗೊರಸಿನ ಸಂದಿ ಕಡೆಯ ಮೂರನೇ ಒಂದು ಭಾಗವನ್ನು ಸ್ವಲ್ಪ ಬಟ್ಟಲಿನ ಹಾಗೆ ಕೆರೆದೆವು. ಇದರಿಂದ ಆ ಉಬ್ಬಿನ ಕೆಳಗಿನ ಜಾಗ ನೆಲಕ್ಕೆ ತಾಗುವುದಿಲ್ಲ, ಸಂದಿಯಲ್ಲಿ ಸಗಣಿಯೂ ನಿಲ್ಲುವುದಿಲ್ಲ.

ಹೀಗೆ ಕೆರೆಯುವಾಗಲೇ ಮಾಸಲು ಕೆಂಪಿನ, ಕಡಲೆ ಕಾಳಿನಷ್ಟು ಗುರುತು ಕಂಡಿತು. ಅದರ ಸುತ್ತಲಿನ ಸಡಿಲ ಗೊರಸನ್ನು ಎತ್ತಿ ತೆಗೆದರೆ ಕೆಳಗೆ ಹುಣಸೆ ಬೀಜದಷ್ಟು ಅಗಲದ ಹಸಿ ಹುಣ್ಣು.

ಇಲ್ಲಿ ಎಲ್ಲರ ಕೈಯೂ ತುರಿಸುತ್ತದೆ. ಹುಣ್ಣನ್ನು ಕೆತ್ತಿ ಶುದ್ಧ ಮಾಡೋಣ, ಮೈಲುತುತ್ತದ ಪುಡಿ ತುಂಬಿ ಬಟ್ಟೆ ಕಟ್ಟೋಣ ಅಂತ. ಎರಡೂ ತಪ್ಪು. ಹೊಸ ಗೊರಸು ಹುಟ್ಟಬೇಕಾದ್ದೇ ಆ ಕೆಂಪು ಪದರದಿಂದ. ಅದನ್ನು ಕೆತ್ತಿದರೆ, ಸುಟ್ಟರೆ, ಬೆಳೆಸುವವರು ಯಾರು? ಕೊಳಕು ಬಟ್ಟೆ ಒಳಗೆ ತೇವ ಹಿಡಿದು ಇನ್ನಷ್ಟು ಕೆಡಿಸುತ್ತದೆ. ಸುತ್ತಲಿನ ಸತ್ತ ಗೊರಸನ್ನು ಇಳಿಜಾರಾಗಿ ತೆಗೆದು, ಹೊರಗೊರಸಿನ ಹಿಮ್ಮಡಿಯನ್ನು ಒಳಗೊರಸಿಗಿಂತ ತಗ್ಗಿಸಿದರೆ ಚಾಕುವಿನ ಕೆಲಸ ಮುಗಿಯಿತು.

ಗುಣ ಮಾಡುವುದು ಭಾರ ಇಳಿಸುವುದರಿಂದ. ಅದಕ್ಕೆ ಆರೋಗ್ಯವಾಗಿರುವ ಒಳಗೊರಸಿನ ತಳಕ್ಕೆ ಎರಡು ಸೆಂಟಿಮೀಟರ್ ದಪ್ಪದ ಮರದ ಬಿಲ್ಲೆ ಅಂಟಿಸಿದೆವು. ಹುಣ್ಣಾದ ಹೊರಗೊರಸು ಆಗ ಗಾಳಿಯಲ್ಲಿ ತೇಲುತ್ತದೆ. ಅಂಟು ಎರಡು ಭಾಗ ಕಲಸುವ ರಾಳದ್ದು. ಗೊರಸನ್ನು ಅರದಿಂದ ಉಜ್ಜಿ, ಪೂರ್ತಿ ಒಣಗಿಸದೆ ಹಚ್ಚಿದರೆ ಸಂಜೆಗೇ ಬಿಲ್ಲೆ ಸಗಣಿಯಲ್ಲಿ ಸಿಗುತ್ತದೆ. ನಾವು ಮನೆಯ ಹೇರ್ ಡ್ರೈಯರ್ ತಂದು ಒಣಗಿಸಿದೆವು. ಕೊಟ್ಟಿಗೆಗೆ ಅದು ಬಂದದ್ದು ನೋಡಿ ಮಗಳು ವಾರ ಪೂರ್ತಿ ನಕ್ಕಳು. ಬಿಲ್ಲೆ ಹಿಮ್ಮಡಿಯವರೆಗೂ ಆಸರೆ ಕೊಡುವಂತಿರಬೇಕು. ಮುಂದಕ್ಕೆ ಸರಿದರೆ ಹಸು ಹಿಂದಕ್ಕೆ ವಾಲಿ ಬೇರೆ ನೋವು ಶುರುವಾಗುತ್ತದೆ.

ನೋವಿಗೆ ವೈದ್ಯರು ಮೆಲಾಕ್ಸಿಕಾಮ್ ಕೊಟ್ಟರು. ಆಂಟಿಬಯೋಟಿಕ್ ಕೊಡಲಿಲ್ಲ. ‘ಡೈಕ್ಲೋಫೆನಾಕ್ ಮನೇಲಿದೆ, ಅದನ್ನೇ ಕೊಡಬಹುದಾ ಡಾಕ್ಟ್ರೇ?’ ಅಂತ ಕೇಳಿದ್ದಕ್ಕೆ ಬೈಸಿಕೊಂಡೆ. ರಾಸುಗಳಿಗೆ ಅದು 2006ರಿಂದ ನಿಷೇಧ. ಆ ಔಷಧ ಮೈಯಲ್ಲಿದ್ದು ಸತ್ತ ದನವನ್ನು ತಿಂದರೆ ರಣಹದ್ದುಗಳು ಸಾಯುತ್ತವೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗೇ ಒಂದು ಧಾಮ ಇದೆ, ನಮ್ಮೂರಿಂದ ಬೆಟ್ಟ ಕಾಣುತ್ತದೆ.

ಬಲಗಾಲನ್ನೂ ಎತ್ತಿ ನೋಡಿದೆವು. ಅದೇ ಜಾಗದಲ್ಲಿ ಕೆಂಪು ಗುರುತು, ಹುಣ್ಣಿನ್ನೂ ಆಗಿರಲಿಲ್ಲ. ಒಂದು ಕಾಲಿಗಾದದ್ದು ಇನ್ನೊಂದಕ್ಕೂ ಆಗುತ್ತಿರುತ್ತದೆ, ಕಾರಣ ಒಂದೇ ಅಲ್ವಾ? ಆ ಕಾಲನ್ನೂ ಸಮ ಮಾಡಿ ಬಿಟ್ಟೆವು.

ಮೂರನೇ ದಿನ ಗೌರಿ ಗಂಜಲದ ಕಾಲುವೆ ಬಿಟ್ಟು ಮುಂದೆ ಬಂದು ನಿಂತಿತು. ಹತ್ತು ದಿನಕ್ಕೆ ಹಾಲು 12 ಲೀಟರ್‌ಗೆ ಬಂತು. ಐದನೇ ವಾರ ಬಿಲ್ಲೆ ತೆಗೆದೆವು. ನಾಲ್ಕರಿಂದ ಆರು ವಾರ ಇದ್ದರೆ ಸಾಕು, ಮರೆತು ಬಿಟ್ಟರೆ ಒಳ್ಳೆಯ ಗೊರಸೇ ಜಜ್ಜಿ ಹೋಗುತ್ತದೆ. ಹುಣ್ಣಿನ ಮೇಲೆ ಆಗ ತೆಳುವಾದ ಹೊಸ ಗೊರಸು ಬಂದಿತ್ತು.

ಎಲ್ಲವೂ ಹೀಗೆ ಮುಗಿಯುವುದಿಲ್ಲ. ಹುಣ್ಣಿದ್ದ ಗೊರಸಿನ ಮೇಲ್ಭಾಗ ಒಂದೇ ಕಡೆ ಊದಿದರೆ, ಹಿಮ್ಮಡಿ ಗುಂಡಗೆ ಬಿಗಿದರೆ, ಹುಣ್ಣಿನಿಂದ ಕೀವು ಬರುತ್ತಲೇ ಇದ್ದರೆ ಸೋಂಕು ಕೀಲಿಗೆ ಇಳಿದಿದೆ. ಆಗ ಮನೆಯ ಚಾಕುವಿಗೆ ಕೆಲಸ ಇಲ್ಲ. ವೈದ್ಯರು ಆ ಗೊರಸನ್ನೇ ತೆಗೆಯಬೇಕಾಗಬಹುದು.

ಏಪ್ರಿಲ್‌ನಲ್ಲಿ ಏನಾಗಿತ್ತು

ಕಾರಣ ಹುಡುಕಲು ಎರಡು ತಿಂಗಳು ಹಿಂದಕ್ಕೆ ಹೋದೆವು. ಮಾರ್ಚ್‌ನಲ್ಲಿ ಕೊಟ್ಟಿಗೆಗೆ ಹೊಸ ಸಿಮೆಂಟ್ ಹಾಕಿಸಿದ್ದೆವು. ರಬ್ಬರ್ ಮ್ಯಾಟ್ ಹಳೆಯದು, ಅಂಚು ಹರಿದು ಗೌರಿಯ ಜಾಗದಲ್ಲಿ ಅರ್ಧ ನೆಲ ಬರಿದಾಗಿತ್ತು. ಹಸು ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗಬೇಕು. ಮಲಗದೆ ನಿಂತ ಪ್ರತಿ ಗಂಟೆಯೂ ಆ ಉಬ್ಬಿನ ಮೇಲಿನ ಭಾರ. ನೆಲ ಪರೀಕ್ಷಿಸಲು ಸುಲಭದ ದಾರಿ ಇದೆ: ಹಸು ಮಲಗುವ ಜಾಗದಲ್ಲಿ ನೀವೇ ದಪ್ಪನೆ ಮಂಡಿಯೂರಿ. ಮಂಡಿ ನೊಂದರೆ, ಪ್ಯಾಂಟು ಒದ್ದೆಯಾದರೆ ಹಸು ಅಲ್ಲಿ ಮಲಗಲು ಹಿಂಜರಿಯುತ್ತದೆ. ನಾನು ಮಂಡಿಯೂರಿದೆ, ಎರಡೂ ಆಯಿತು. ತೇವದಲ್ಲಿ ಗೊರಸು ಮೆತ್ತಗಾಗಿ ಒರಟು ನೆಲಕ್ಕೆ ಬೇಗ ಸವೆಯುತ್ತದೆ ಕೂಡ.

ಇನ್ನೊಂದು ತಪ್ಪು ನನ್ನದೇ. ಕರು ಹಾಕಿದ ವಾರದೊಳಗೆ ಹಾಲಿನ ಆಸೆಗೆ ಹಿಂಡಿ, ಬೂಸಾ ಎಲ್ಲಾ ಸೇರಿ 2 ಕೆಜಿಯಿಂದ 7 ಕೆಜಿಗೆ ಏರಿಸಿದ್ದೆ. ಹೀಗೆ ಒಮ್ಮೆಲೇ ಏರಿಸಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಜೀವಪದರಕ್ಕೂ ಪೆಟ್ಟು ಬೀಳಬಹುದು. ಮದುವೆ ಮನೆಯ ಉಳಿದ ಅನ್ನ ಬಕೆಟ್‌ಗಟ್ಟಲೆ ಇಡುವುದೂ ಇದೇ ದಾರಿ. ಎರಡು ಮೂರು ವಾರ ತೆಗೆದುಕೊಂಡು ನಿಧಾನ ಏರಿಸಬೇಕಿತ್ತು.

ಈಗ ಹೊಸ ಮ್ಯಾಟ್ ಹಾಕಿದ್ದೇವೆ, ಮೇಲೆ ಮರದ ಹೊಟ್ಟು ಚೆಲ್ಲುತ್ತೇವೆ. ಹಗಲು ನಾಲ್ಕು ಗಂಟೆ ಹೊಂಗೆ ಮರದ ಕೆಳಗೆ ಮಣ್ಣಿನಲ್ಲಿ ಕಟ್ಟುತ್ತೇವೆ. ಖರ್ಚಿಲ್ಲದ ಈ ಮಣ್ಣಿನ ನೆಲವೇ ಹೆಚ್ಚು ಉಪಕಾರ ಮಾಡಿದೆ ಅಂತ ನನಗನ್ನಿಸುತ್ತದೆ.

ಆಡಿನ ಲೆಕ್ಕ ಬೇರೆ

ಅಟ್ಟಣಿಗೆಯ ಮೇಲೆ ಕಟ್ಟಿ ಸಾಕುವ ಆಡಿನಲ್ಲಿ ತಳದ ಹುಣ್ಣು ಅಪರೂಪ. ಅಲ್ಲಿ ತೊಂದರೆ ಉಲ್ಟಾ. ಗುಡ್ಡ ಹತ್ತುವ ಆಡಿನ ಗೊರಸು ಕಲ್ಲಿಗೆ ಸವೆಯುತ್ತದೆ, ಹಲಗೆಯ ಮೇಲೆ ಸವೆಯುವುದಿಲ್ಲ. ಗೊರಸಿನ ಗೋಡೆ ಉದ್ದ ಬೆಳೆದು ತಳದ ಮೇಲೆ ಮಡಚಿಕೊಳ್ಳುತ್ತದೆ. ಆ ಮಡಿಕೆಯೊಳಗೆ ಹಿಕ್ಕೆ, ಗಂಜಲ ಸೇರಿ ಕೊಳೆಯುತ್ತದೆ. ಆಡು ಮುಂಗಾಲಿನ ಮಂಡಿಯೂರಿ ಮೇಯುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಆಡನ್ನು ಕುರಿಯ ಹಾಗೆ ಕುಂಡೆಯ ಮೇಲೆ ಕೂರಿಸಿದರೆ ಒದ್ದಾಡುತ್ತದೆ. ಗೋಡೆಗೆ ಒರಗಿಸಿ ನಿಲ್ಲಿಸಿ, ಕಾಲನ್ನು ಹಿಂದಕ್ಕೆ ಮಡಚಿ ಹಿಡಿದರೆ ಸಾಕು. ಗುಲಾಬಿ ಗಿಡ ಸವರುವ ಕತ್ತರಿಯೇ ಆಗುತ್ತದೆ. ಮಡಚಿದ ಗೋಡೆಯನ್ನು ತಳದ ಮಟ್ಟಕ್ಕೆ ಕತ್ತರಿಸಿ, ಒಳಗಿನ ಕೊಳೆ ತೆಗೆದು, ಕೂದಲಿನ ಗೆರೆಗೆ ತಳ ಸಮಾನಾಂತರವಾಗುವಂತೆ ತೆಳ್ಳಗೆ ಹೆರೆಯಿರಿ. ತಳ ನಸುಗೆಂಪಾಗಿ ಕಂಡ ಕೂಡಲೇ ನಿಲ್ಲಿಸಿ. ಅಟ್ಟಣಿಗೆಯ ಆಡಿಗೆ ಆರರಿಂದ ಎಂಟು ವಾರಕ್ಕೊಮ್ಮೆ ಇದು ಬೇಕು. ವರ್ಷ ಬಿಟ್ಟು ತಿರುಚಿಹೋದ ಗೊರಸನ್ನು ಒಂದೇ ದಿನ ಸರಿಮಾಡಲು ಹೋಗಬೇಡಿ. ಒಳಗಿನ ಜೀವಪದರವೂ ಉದ್ದ ಬೆಳೆದಿರುತ್ತದೆ. ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ತೆಗೆದರೆ ಅದು ಹಿಂದೆ ಸರಿಯುತ್ತದೆ.

ಗೋಡೆ ತಳದಿಂದ ಬಿಟ್ಟುಕೊಂಡು ಕೊಳೆತ ವಾಸನೆ ಬಂದರೆ ಸೋಂಕು ತಗುಲಿದೆ. ಅಂಥ ಗೊರಸನ್ನು ರಕ್ತ ಬರುವಂತೆ ಕೆತ್ತಿದರೆ ವಾಸಿ ನಿಧಾನವಾಗುತ್ತದೆ. ಆ ಆಡನ್ನು ಬೇರೆ ಕಟ್ಟಿ, ವೈದ್ಯರಿಗೆ ತೋರಿಸಿ. 10 ಲೀಟರ್ ನೀರಿಗೆ 1 ಕೆಜಿ ಜಿಂಕ್ ಸಲ್ಫೇಟ್ ಕರಗಿಸಿ ತೊಟ್ಟಿಯಲ್ಲಿ ಹತ್ತು ನಿಮಿಷ ನಿಲ್ಲಿಸಿ, ಆಮೇಲೆ ಒಣ ಜಾಗಕ್ಕೆ ಬಿಡಿ. ಜಿಂಕ್ ಸಲ್ಫೇಟ್ ಗೊಬ್ಬರದ ಅಂಗಡಿಯಲ್ಲೇ ಸಿಗುತ್ತದೆ. ಹಸುಗಳಿಗೆ 20 ಲೀಟರ್‌ಗೆ 1 ಕೆಜಿ ಮೈಲುತುತ್ತ ಬಳಸುವವರು, ಆ ನೀರನ್ನು ಆಡು ಕುರಿ ಕುಡಿಯದಂತೆ ನೋಡಿಕೊಳ್ಳಬೇಕು. ಮೈಲುತುತ್ತದಲ್ಲಿರುವ ತಾಮ್ರ ಕುರಿಗಂತೂ ಬಹುಬೇಗ ವಿಷವಾಗುತ್ತದೆ. ಕತ್ತರಿಯನ್ನು ಒಂದು ಆಡಿನಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಸ್ಪಿರಿಟ್‌ನಲ್ಲಿ ಅದ್ದಿ.

ಗೌರಿ ಆಗಸ್ಟ್‌ನಲ್ಲಿ ಗಬ್ಬ ಕಟ್ಟಿತು. ಮಾರ್ಚ್‌ನಲ್ಲಿ ಹಾಲು ಬತ್ತಿಸಬೇಕು. ಆ ವಾರವೇ ನಾಲ್ಕೂ ಕಾಲು ಎತ್ತಿ ನೋಡುವುದು, ಕರು ಹಾಕಿ ಎರಡೂವರೆ ತಿಂಗಳಿಗೆ ಇನ್ನೊಮ್ಮೆ. ಎರಡೂ ದಿನ ಕೊಟ್ಟಿಗೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಗುರುತಾಗಿವೆ.